ಟೇಬಲ್ ಓದಬೇಡಿ, ಪ್ರಶ್ನೆ ಓದಿ

ವಿಜಯನಗರದ ಒಂದು ಕೋಚಿಂಗ್ ಕ್ಲಾಸಿನಲ್ಲಿ ನಮಗೆ ಡಿಐ ಹೇಳಿಕೊಡುತ್ತಿದ್ದ ಸರ್ ಮೊದಲ ದಿನವೇ ಬೋರ್ಡಿನ ತುಂಬ ಒಂದು ಟೇಬಲ್ ಬರೆದರು. ನಾವೆಲ್ಲ ಕತ್ತೆತ್ತಿ ಅದನ್ನೇ ನೋಡುತ್ತಿದ್ದಾಗ ಡಸ್ಟರಿನಿಂದ ಬೋರ್ಡ್ ತಟ್ಟಿ, "ಯಾರ್ರೀ ಅದು ಟೇಬಲ್ ಓದ್ತಾ ಕೂತಿರೋದು? ಟೇಬಲ್ ಓದ್ಬೇಡಿ. ಪ್ರಶ್ನೆ ಓದಿ. ಬೇಕಾದ ಎರಡು ನಂಬರ್ ಎತ್ಕೊಳ್ಳಿ, ಮುಂದಕ್ಕೆ ಹೋಗಿ" ಅಂದರು.

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಜಗಳ ಇರೋದೂ ಅಲ್ಲೇ.

ಬ್ಯಾಂಕ್ ಪರೀಕ್ಷೆ ಬರೆಯದವರಿಗಾಗಿ ಎರಡು ಮಾತು. ಡಿಐ ಅಂದರೆ ಡೇಟಾ ಇಂಟರ್‌ಪ್ರಿಟೇಷನ್. ಒಂದು ಟೇಬಲ್ಲೋ ಗ್ರಾಫೋ ಪೈ ಚಾರ್ಟೋ ಕೊಟ್ಟು, ಅದರ ಕೆಳಗೆ ಐದಾರು ಪ್ರಶ್ನೆ ಕೇಳುತ್ತಾರೆ. ನಾನು ಬರೆದಾಗ ಪಿಓ ಪ್ರಿಲಿಮ್ಸ್‌ನ ಗಣಿತದ ಭಾಗದಲ್ಲಿ 35 ಪ್ರಶ್ನೆಗೆ 20 ನಿಮಿಷ ಇತ್ತು, ಅಂದರೆ ಒಂದು ಪ್ರಶ್ನೆಗೆ 34 ಸೆಕೆಂಡು. ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಮೇನ್ಸ್‌ನಲ್ಲಿ 'ಡೇಟಾ ಅನಾಲಿಸಿಸ್ ಅಂಡ್ ಇಂಟರ್‌ಪ್ರಿಟೇಷನ್' ಅಂತಲೇ ಒಂದು ಭಾಗ ಇರುತ್ತದೆ. ನಮಗೆ ಅದರಲ್ಲಿ 35 ಪ್ರಶ್ನೆ, 45 ನಿಮಿಷ, 60 ಅಂಕ. ಇಡೀ ಪರೀಕ್ಷೆಯಲ್ಲಿ ಹುಡುಗರು ಎದ್ದು ಬೀಳುವ ಜಾಗ ಅದೇ.

ಇಂಟರ್‌ಪ್ರಿಟೇಷನ್ ಅಂದರೆ ಅರ್ಥ ಮಾಡಿಕೊಳ್ಳೋದು. ಈ ಪರೀಕ್ಷೆಯಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಇದೂ ನನ್ನ ದೂರಿನ ಅರ್ಧ ಮಾತ್ರ. ಅರ್ಥ ಮಾಡಿಕೊಳ್ಳುವ ಅಭ್ಯಾಸ ಇದ್ದವರಿಂದಲೂ ಅದನ್ನು ಬಿಡಿಸಿಬಿಡುತ್ತೆ ಅನ್ನೋದು ಇನ್ನರ್ಧ.

ಒಂದು ಸೆಟ್ ನೋಡೋಣ. ಪರೀಕ್ಷೆಯಲ್ಲಿ ಬರುವ ಮಾದರಿಯಲ್ಲೇ ನಾನು ಬರೆದಿದ್ದೇನೆ, ಸಾಲು ಮಾತ್ರ ಐದರ ಬದಲು ಮೂರು. ಒಂದು ಬ್ಯಾಂಕಿನ ಮೂರು ಶಾಖೆಗಳಿಗೆ ಸಾಲಕ್ಕೆ ಬಂದ ಅರ್ಜಿಗಳು, ಅದರಲ್ಲಿ ಮಂಜೂರಾದ ಶೇಕಡಾವಾರು, ಮಂಜೂರಾದವರಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ಅನುಪಾತ:

| ಶಾಖೆ | ಅರ್ಜಿಗಳು | ಮಂಜೂರಾದದ್ದು | ಗಂಡಸರು : ಹೆಂಗಸರು |
|---|---|---|---|
| ಎ | 2400 | 65% | 8 : 5 |
| ಬಿ | 1500 | 84% | 11 : 10 |
| ಸಿ | 3200 | 45% | 5 : 3 |

ಇದರ ಮೇಲೆ ಬರುವ ಪ್ರಶ್ನೆ ಹೀಗಿರುತ್ತೆ: ಎ ಮತ್ತು ಸಿ ಶಾಖೆಗಳಲ್ಲಿ ಸಾಲ ಮಂಜೂರಾದ ಒಟ್ಟು ಹೆಂಗಸರ ಸಂಖ್ಯೆ, ಬಿ ಶಾಖೆಯಲ್ಲಿ ಮಂಜೂರಾದ ಗಂಡಸರ ಸಂಖ್ಯೆಯ ಶೇಕಡಾ ಎಷ್ಟು?

ತರಬೇತಾದ ಹುಡುಗ ಇದನ್ನು ಹೀಗೆ ಮಾಡ್ತಾನೆ. 2400ರ 65% ಅಂದರೆ 1560. ಅದನ್ನು 13 ಭಾಗ ಮಾಡಿ 5 ತಗೊಂಡರೆ 600. 3200ರ 45% ಅಂದರೆ 1440, ಎಂಟರಲ್ಲಿ ಮೂರು ಭಾಗ 540. ಎರಡೂ ಸೇರಿ 1140. ಬಿ ಶಾಖೆಯ ಗಂಡಸರು 1260ರ ಇಪ್ಪತ್ತೊಂದರಲ್ಲಿ ಹನ್ನೊಂದು ಭಾಗ, 660. ಈಗ 1140 ಭಾಗಿಸು 660 ಅಂದರೆ 19/11. ಅವನು ಭಾಗಾಕಾರ ಮಾಡುವುದಿಲ್ಲ. ಹನ್ನೊಂದರಲ್ಲಿ ಒಂದು ಭಾಗ ಅಂದರೆ 9.09% ಅಂತ ಬಾಯಿಪಾಠ ಇರುತ್ತೆ. ಆಯ್ಕೆಗಳಲ್ಲಿ ಕಣ್ಣಾಡಿಸಿ 172ರಿಂದ ಶುರುವಾಗೋದನ್ನು ಒತ್ತುತ್ತಾನೆ. ಮೂವತ್ತು ಸೆಕೆಂಡು.

ಇದು ಸುಲಭದ ಕೆಲಸ ಅಂತ ನಾನು ಹೇಳ್ತಿಲ್ಲ. ಒಂದೂವರೆ ವರ್ಷ ಬೆಳಗಿನ ಜಾವ ಎದ್ದು ಮೂವತ್ತರವರೆಗಿನ ವರ್ಗ, ಇಪ್ಪತ್ತರವರೆಗಿನ ಘನ, ಇಪ್ಪತ್ತೈದರವರೆಗಿನ ಮಗ್ಗಿ, ಭಿನ್ನರಾಶಿಯಿಂದ ಶೇಕಡಾಗೆ ಒಂದು ಉದ್ದನೆಯ ಪಟ್ಟಿ ಉರು ಹೊಡೆದವನು ನಾನು. ಆದರೆ ಸಾಲಕ್ಕೂ ಶಾಖೆಗೂ ಹೆಂಗಸರಿಗೂ ಈ ಮೂವತ್ತು ಸೆಕೆಂಡಿನಲ್ಲಿ ಏನು ಕೆಲಸವಿತ್ತು ಹೇಳಿ? 'ಶಾಖೆ' ತೆಗೆದು 'ಶಾಲೆ' ಹಾಕಿ, 'ಸಾಲ' ತೆಗೆದು 'ಸೈಕಲ್' ಹಾಕಿ, ಉತ್ತರ ಬದಲಾಗೋದಿಲ್ಲ. ಎ ಮತ್ತು ಸಿ ಶಾಖೆಯ ಹೆಂಗಸರನ್ನು ಬಿ ಶಾಖೆಯ ಗಂಡಸರಿಗೆ ಹೋಲಿಸುವ ಅಗತ್ಯ ಭೂಮಿಯ ಮೇಲೆ ಯಾವ ಮ್ಯಾನೇಜರಿಗೂ ಬಂದಿಲ್ಲ, ಬರೋದೂ ಇಲ್ಲ. 1560 ಸರಿಯಾಗಿ 13ರಿಂದ ಭಾಗವಾಗುತ್ತೆ, 1260 ಸರಿಯಾಗಿ 21ರಿಂದ ಭಾಗವಾಗುತ್ತೆ. ಇದನ್ನು ಗಮನಿಸಿದ ಹುಡುಗರು, ಉತ್ತರ ಯಾವ ಸಂಖ್ಯೆಯ ಗುಣಕ ಆಗಿರಬೇಕು ಅಂತ ನೋಡಿಯೇ ಆಯ್ಕೆ ಹೊಡೀತಾರೆ. ಅಂಕಿ ಇಷ್ಟು ನೀಟಾಗಿ ಬಂದರೆ ನಿಜವಾದ ಬ್ಯಾಂಕಿನಲ್ಲಿ ಮೊದಲು ಅನುಮಾನ ಪಡಬೇಕು.

ಗ್ರಾಫಿನ ಕಥೆಯೂ ಇಷ್ಟೇ. ಬಹಳಷ್ಟು ಬಾರ್ ಗ್ರಾಫುಗಳಲ್ಲಿ ಕಂಬದ ತಲೆಯ ಮೇಲೇ ಸಂಖ್ಯೆ ಬರೆದಿರುತ್ತೆ. ಹಾಗಾಗಿ ಕಂಬ ಎಷ್ಟೆತ್ತರ ಇದೆ, ಅಕ್ಷ ಸೊನ್ನೆಯಿಂದ ಶುರುವಾಗಿದೆಯಾ ಅಥವಾ ನಡುವಿನಿಂದಲಾ ಅಂತ ಯಾರೂ ನೋಡಬೇಕಾಗಿಲ್ಲ. ಜೇಡರಬಲೆಯಂಥ ರಾಡಾರ್ ಗ್ರಾಫ್ ಕೊಟ್ಟು ಹೆದರಿಸ್ತಾರೆ. ಅದನ್ನು ರಫ್ ಶೀಟಿನಲ್ಲಿ ಟೇಬಲ್ ಮಾಡಿಕೊಂಡರೆ ಮುಗೀತು. ಗ್ರಾಫ್ ಬರೀ ಪ್ಯಾಕಿಂಗು.

ಈಗ ನಮ್ಮ ಟೇಬಲ್‌ಗೇ ವಾಪಸ್ ಬರ್ತೀನಿ, ಯಾಕೆಂದರೆ ಅದರಲ್ಲಿ ಕೇಳಬೇಕಾದ ಪ್ರಶ್ನೆಗಳು ಹಾಗೇ ಉಳಿದಿವೆ.

ನನ್ನ ಚಿಕ್ಕಮ್ಮನ ಮಗಳು ತಿಪಟೂರಿನವಳು. ಬಿಕಾಂ ಮುಗಿಸಿ ವಿಜಯನಗರದಲ್ಲೇ ಪಿಜಿಯಲ್ಲಿದ್ದುಕೊಂಡು ಮೂರನೇ ವರ್ಷ ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದಾಳೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರ್ತಾಳೆ. ಓದೋಕೆ ಶುರು ಮಾಡಿದ ಹೊಸತರಲ್ಲಿ ಇಂಥದೇ ಒಂದು ಸೆಟ್ ತಂದು ನನ್ನ ಮುಂದಿಟ್ಟು, "ಅರ್ಜಿ ಹಾಕ್ದೋರಲ್ಲಿ ಹೆಂಗಸ್ರು ಎಷ್ಟು ಜನ ಅಂತ ಕೊಟ್ಟೇ ಇಲ್ವಲ್ಲಣ್ಣ?" ಅಂದಳು.

"ಅದು ಬೇಕಾಗಿಲ್ಲ. ಅದನ್ನ ಕೇಳಿಲ್ಲ."

"ಮತ್ತೆ ಯಾವ ಬ್ರಾಂಚಲ್ಲಿ ಹೆಂಗಸ್ರಿಗೆ ಸಾಲ ಸುಲಭವಾಗಿ ಸಿಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ?"

ಕ್ಲಾಸಿನಲ್ಲೂ ಇದನ್ನೇ ಕೇಳಿದಳಂತೆ, ಎಲ್ಲರೂ ನಕ್ಕರಂತೆ. ನಾನೂ ನಕ್ಕೆ. ಮುಜುಗರದ ವಿಷಯ, ಆದರೂ ಹೇಳಿಬಿಡ್ತೀನಿ.

ಅವಳ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಿ. ಎ ಶಾಖೆಯಲ್ಲಿ ಮಂಜೂರಾದವರು 960 ಗಂಡಸರು, 600 ಹೆಂಗಸರು. ನೋಡಿದ ತಕ್ಷಣ ಇಲ್ಲಿ ಗಂಡಸರಿಗೇ ಒಲವು ಅಂತ ಅನ್ನಿಸುತ್ತೆ. ಬಂದ 2400 ಅರ್ಜಿಯಲ್ಲಿ ಹೆಂಗಸರದು 800 ಮಾತ್ರ ಆಗಿದ್ದರೆ? ಆಗ 800ರಲ್ಲಿ 600, ಅಂದರೆ ಹೆಂಗಸರಲ್ಲಿ 75% ಜನಕ್ಕೆ ಸಾಲ ಸಿಕ್ಕಿದೆ. ಗಂಡಸರಿಗೆ 1600ರಲ್ಲಿ 960, ಬರೀ 60%. ಬದಲಿಗೆ ಅರ್ಜಿಯಲ್ಲಿ ಅರ್ಧ ಹೆಂಗಸರದೇ ಆಗಿದ್ದರೆ 1200ರಲ್ಲಿ 600, ಅಂದರೆ 50%, ಗಂಡಸರಿಗೆ 80%. ಟೇಬಲ್ ಒಂದೇ, ಕಥೆ ತಿರುಗುಮುರುಗು. ಯಾವುದು ನಿಜ ಅಂತ ಹೇಳಬೇಕಾದ ಕಾಲಂ ಟೇಬಲ್ಲಿನಲ್ಲಿ ಇಲ್ಲ. ಅದು ಇಲ್ಲ ಅಂತ ಗಮನಿಸೋದೇ ಇಂಟರ್‌ಪ್ರಿಟೇಷನ್. ಆ ಹುಡುಗಿ ಅದನ್ನು ಮೊದಲ ನೋಟದಲ್ಲೇ ಗಮನಿಸಿದ್ದಳು. ಅದಕ್ಕೆ ಅವಳಿಗೆ ಸಿಕ್ಕಿದ್ದು ಸೊನ್ನೆ ಅಂಕ ಮತ್ತು ಕಳೆದುಹೋದ ಎರಡು ನಿಮಿಷ.

ಬಿ ಶಾಖೆಯ 84% ನೋಡಿ. ಅದೇ ಒಳ್ಳೆಯ ಶಾಖೆನಾ? ಇರಬಹುದು. ಕಣ್ಣು ಮುಚ್ಚಿ ಸಾಲ ಕೊಡುವ ಶಾಖೆಯೂ ಇರಬಹುದು. ಕೌಂಟರಿನಲ್ಲೇ "ನಿಮಗೆ ಆಗಲ್ಲಮ್ಮ, ಹೋಗಿ ಬನ್ನಿ" ಅಂತ ಬಾಯಲ್ಲೇ ಹೇಳಿ ಕಳಿಸಿ, ಗ್ಯಾರಂಟಿ ಆಗುವ ಅರ್ಜಿಗಳನ್ನು ಮಾತ್ರ ಒಳಗೆ ತಗೊಳ್ಳುವ ಶಾಖೆಯೂ ಇರಬಹುದು. ಬಾಯಲ್ಲಿ ತಿರಸ್ಕಾರವಾದದ್ದು 1500ರ ಲೆಕ್ಕಕ್ಕೇ ಬಂದಿರೋದಿಲ್ಲ. ಬ್ಯಾಂಕಿನಲ್ಲಿ ಆರು ತಿಂಗಳು ಕೂತ ಯಾರಿಗಾದರೂ ಗೊತ್ತಿರುವ ವಿಷಯ ಇದು.

ಇನ್ನೊಂದು, ಮೂರೂ ಶಾಖೆ ಸೇರಿ ಸರಾಸರಿ ಎಷ್ಟು ಮಂಜೂರಾಗಿದೆ? 65, 84, 45 ಕೂಡಿ ಮೂರರಿಂದ ಭಾಗಿಸಿದರೆ ಸುಮಾರು 64.7% ಬರುತ್ತೆ. ಅದು ತಪ್ಪು. 7100 ಅರ್ಜಿಗಳಲ್ಲಿ ಮಂಜೂರಾಗಿದ್ದು 4260, ಅಂದರೆ 60%. ಅತಿ ಹೆಚ್ಚು ಅರ್ಜಿ ಬಂದ ಶಾಖೆಯಲ್ಲೇ ಅತಿ ಕಡಿಮೆ ಮಂಜೂರಾತಿ ಇರೋದರಿಂದ ಒಟ್ಟು ಕೆಳಗೆ ಜಗ್ಗುತ್ತೆ. ಇಂಥ ಪ್ರಶ್ನೆ ಪರೀಕ್ಷೆಯಲ್ಲಿ ಆಗಾಗ ಬರುತ್ತೆ ಅಂತ ಒಪ್ಕೋತೀನಿ. ಬಂದಾಗ ಅದನ್ನು ಕ್ಲಾಸಿನಲ್ಲಿ 'ಟ್ರ್ಯಾಪ್' ಅಂತ ಕರೀತಾರೆ. ಇರೋದರಲ್ಲಿ ಅರ್ಥವಿರುವ ಒಂದು ಪ್ರಶ್ನೆಗೆ ಇಟ್ಟ ಹೆಸರು ಅದು!

"ಸರಿ ಗುರು, ಏನೋ ಒಂದು ಪರೀಕ್ಷೆ, ಪಾಸಾಗಿ ಕೆಲಸ ಸಿಕ್ಕಿದ ಮೇಲೆ ಕಲಿತರಾಯ್ತು" ಅಂತ ನನ್ನ ಗೆಳೆಯರು ಹೇಳ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಏನು ಮಾಡಿದೆ ಅಂತ ಹೇಳ್ತೀನಿ, ಕೇಳಿ.

ನಮ್ಮ ಶಾಖೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಗೆ 40 ಲಕ್ಷದ ಕ್ಯಾಶ್ ಕ್ರೆಡಿಟ್ ಲಿಮಿಟ್ ಇತ್ತು. ಲಿಮಿಟ್ ಇದೆ ಅಂತ ಅಷ್ಟೂ ದುಡ್ಡು ತೆಗೆಯೋಕಾಗಲ್ಲ. ಆ ತಿಂಗಳು ಎಷ್ಟು ತೆಗೆಯಬಹುದು ಅನ್ನೋದಕ್ಕೆ ಡ್ರಾಯಿಂಗ್ ಪವರ್ ಅಂತಾರೆ. ವ್ಯಾಪಾರಿ ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡ್ತಾನೆ. ಅಂಗಡಿ, ಗೋಡೌನಿನಲ್ಲಿರುವ ಮಾಲಿನ ಬೆಲೆಯಿಂದ, ಮಾಲು ಕೊಟ್ಟವರಿಗೆ ಇನ್ನೂ ಕೊಡಬೇಕಾದ ಬಾಕಿಯನ್ನು ಕಳೀಬೇಕು. ದುಡ್ಡು ಕೊಡದೆ ತಂದಿಟ್ಟ ಮಾಲಿಗೆ ಬ್ಯಾಂಕು ಮತ್ತೆ ಯಾಕೆ ಸಾಲ ಕೊಡಬೇಕು? ಉಳಿದದ್ದರಲ್ಲಿ ಕಾಲುಭಾಗ ಅವನ ಸ್ವಂತದ್ದು, ಅದು ಮಾರ್ಜಿನ್. ಮಿಕ್ಕ ಮುಕ್ಕಾಲು ಭಾಗ ಡ್ರಾಯಿಂಗ್ ಪವರ್. ಗಿರಾಕಿಗಳಿಂದ ಬರಬೇಕಾದ ಬಾಕಿಯೂ ಲೆಕ್ಕಕ್ಕೆ ಸೇರುತ್ತೆ, ಇವನದು ನಗದು ವ್ಯಾಪಾರ, ಹಾಗಾಗಿ ಇಲ್ಲಿ ಅದಿಲ್ಲ.

ಮೊದಲ ತಿಂಗಳು ಮಾಲು 40 ಲಕ್ಷ, ಬಾಕಿ 10 ಲಕ್ಷ. ಡ್ರಾಯಿಂಗ್ ಪವರ್ 22.5 ಲಕ್ಷ. ಎರಡನೇ ತಿಂಗಳು ಮಾಲು 46, ಬಾಕಿ 14, ಡ್ರಾಯಿಂಗ್ ಪವರ್ 24 ಲಕ್ಷ. ಮೂರನೇ ತಿಂಗಳ ಸ್ಟೇಟ್‌ಮೆಂಟ್ ನನ್ನ ಕೈಗೆ ಬಂತು. ಮಾಲು 52 ಲಕ್ಷ. ಬಾಕಿಯ ಕಾಲಂ ಖಾಲಿ.

ನಾನು ಡಿಐ ಹುಲಿ. 52ರ ಮುಕ್ಕಾಲು 39 ಅಂತ ಕ್ಯಾಲ್ಕುಲೇಟರ್ ಮುಟ್ಟದೆ ಹೇಳಬಲ್ಲೆ. 39 ಲಕ್ಷ ಅಂತ ಸಿಸ್ಟಮ್‌ಗೆ ಹಾಕಿ ಮುಂದಿನ ಫೈಲಿಗೆ ಹೋದೆ. ಬೇಕಾದ ನಂಬರ್ ಎತ್ಕೊಂಡೆ, ಮುಂದಕ್ಕೆ ಹೋದೆ.

ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು ಅನ್ನೋ ವ್ಯವಸ್ಥೆ ಬ್ಯಾಂಕಿನಲ್ಲಿ ಇರೋದರಿಂದ ನಾನು ಉಳಿದೆ. ಸಂಜೆ ಮ್ಯಾನೇಜರ್ ಮೇಡಂ ಕರೆದು ಮೂರೂ ತಿಂಗಳ ಹಾಳೆಯನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಅವರು ಹಳೆಯ ಕಾಲದವರು, ಕ್ಲರ್ಕಾಗಿ ಸೇರಿ ಮೇಲೆ ಬಂದವರು.

"ಇದೇನ್ರೀ, ಒಂದೇ ತಿಂಗಳಲ್ಲಿ 24 ಇದ್ದದ್ದು 39 ಆಯ್ತಾ?"

"ಮೇಡಂ, ಸ್ಟಾಕ್ ಜಾಸ್ತಿ ಆಗಿದೆ."

"ಬಾಕಿ?"

"ಕೊಟ್ಟಿಲ್ಲ ಮೇಡಂ. ಖಾಲಿ ಇದೆ."

"ಖಾಲಿ ಅಂದ್ರೆ ಸೊನ್ನೆನಾ?"

ನಾನು ಸುಮ್ಮನಿದ್ದೆ. ಅವರು ಇನ್ನೊಂದು ಹಾಳೆ ತೆಗೆದರು, ಅವನ ಮಾರಾಟದ ಲೆಕ್ಕ. ಮೂರು ತಿಂಗಳು 18, 18, 17 ಲಕ್ಷ. "ಮಾರಾಟ ಏರಿಲ್ಲ, ಮಾಲು ಮಾತ್ರ ತಿಂಗಳಿಗೆ ಆರಾರು ಲಕ್ಷ ಏರ್ತಾ ಇದೆ. ಒಂದೋ ಬಟ್ಟೆ ಹೋಗ್ತಿಲ್ಲ, ಇಲ್ಲಾ ಬಟ್ಟೆನೇ ಇಲ್ಲ. ನಾಳೆ ಬೆಳಿಗ್ಗೆ ಗೋಡೌನಿಗೆ ಹೋಗೋಣ ಬನ್ನಿ."

ಬಟ್ಟೆ ಇತ್ತು. ಹೋದ ಹಬ್ಬಕ್ಕೆ ತಂದು ಹೋಗದೆ ಉಳಿದ ಸೀರೆಯ ಕಟ್ಟುಗಳು ಸೂರಿನವರೆಗೆ ಏರಿದ್ದವು. ವ್ಯಾಪಾರಿ ಮೋಸಗಾರನೇನೂ ಅಲ್ಲ, ಹೆದರಿದ್ದ. ಸಾಲಕ್ಕೆ ತಂದ ಮಾಲಿನ ಬಾಕಿ 21 ಲಕ್ಷಕ್ಕೆ ಹೋಗಿತ್ತು, ಅದನ್ನು ಬರೆಯೋಕೆ ಅವನಿಗೆ ಕೈ ಬಂದಿರಲಿಲ್ಲ. ಅಷ್ಟೇ. 52ರಲ್ಲಿ 21 ಕಳೆದು ಮುಕ್ಕಾಲು ಭಾಗ ತಗೊಂಡರೆ 23.25 ಲಕ್ಷ. ನಾನು ಕೊಡ ಹೊರಟಿದ್ದು ಅದಕ್ಕಿಂತ ಹದಿನಾರು ಲಕ್ಷದಷ್ಟು ಹೆಚ್ಚು. ಅದು ಅವನ ಕೈಗೆ ಸಿಕ್ಕಿದ್ದರೆ ಹಳೆಯ ಬಾಕಿ ತೀರಿಸೋಕೆ ಹೋಗ್ತಿತ್ತು, ಆರೇಳು ತಿಂಗಳಲ್ಲಿ ಅವನ ಅಕೌಂಟು ಕೆಟ್ಟಸಾಲದ ಪಟ್ಟಿಗೆ ಬರ್ತಿತ್ತು.

ನನ್ನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ನನ್ನನ್ನು ಆರಿಸಿದ ಪರೀಕ್ಷೆಯೂ ಗುಣಾಕಾರವನ್ನೇ ನೋಡಿ ಆರಿಸಿದ್ದು. ಆ ಪರೀಕ್ಷೆಯಲ್ಲೂ ಖಾಲಿ ಜಾಗದ ಟೇಬಲ್ ಬರುತ್ತೆ, 'ಮಿಸ್ಸಿಂಗ್ ಡಿಐ' ಅಂತಾರೆ. ಅಲ್ಲಿ ಖಾಲಿ ಮನೆಗಳಿಗೆ ಬೇಕಾದ ಸುಳಿವು ಪಕ್ಕದ ಸಾಲಿನಲ್ಲೋ ಪ್ರಶ್ನೆಯಲ್ಲೋ ಸಿಗುತ್ತೆ, ತುಂಬಿಸಿದರೆ ಸರಿಹೋಗುತ್ತೆ. ಇಂಥ ನೂರಾರು ಸೆಟ್ ಮಾಡಿದ ತಲೆಗೆ ಖಾಲಿ ಜಾಗ ಕಂಡರೆ ಅದು ಲೆಕ್ಕ ಅನ್ನಿಸುತ್ತೆ. ಯಾರೋ ಏನನ್ನೋ ಹೇಳ್ತಿಲ್ಲ ಅಂತ ಅನ್ನಿಸೋದಿಲ್ಲ.

ಪರೀಕ್ಷೆ ನಡೆಸುವವರ ಪರ ವಾದ ನನಗೂ ಗೊತ್ತು. ಲಕ್ಷಗಟ್ಟಲೆ ಜನ ಬರೀತಾರೆ, ಕಂಪ್ಯೂಟರೇ ಅಂಕ ಹಾಕಬೇಕು, ಉತ್ತರ ಒಂದೇ ಇರಬೇಕು, ಕೋರ್ಟಿಗೆ ಹೋದರೆ ನಿಲ್ಲಬೇಕು. ಪ್ರಬಂಧ ಬರೆಸೋಕಾಗಲ್ಲ. ಒಪ್ಪಿದೆ. ಪ್ರಬಂಧ ಯಾರು ಕೇಳಿದರು? ನನ್ನ ಟೇಬಲ್ಲಿನ ಕೆಳಗೆ ನಾಲ್ಕು ಹೇಳಿಕೆ ಕೊಟ್ಟು, ಇದರಲ್ಲಿ ಯಾವುದನ್ನು ಈ ಟೇಬಲ್ಲಿನಿಂದ ಖಚಿತವಾಗಿ ಹೇಳಬಹುದು ಅಂತ ಕೇಳಿ. 'ಒಟ್ಟಾರೆ 60% ಅರ್ಜಿ ಮಂಜೂರಾಗಿದೆ' ಅನ್ನೋದು ಒಂದು, 'ಎ ಶಾಖೆಯಲ್ಲಿ ಹೆಂಗಸರ ಅರ್ಜಿ ಹೆಚ್ಚು ತಿರಸ್ಕಾರವಾಗಿದೆ' ಅನ್ನೋದು ಇನ್ನೊಂದು. ಉತ್ತರ ಒಂದೇ ಇರುತ್ತೆ, ಕಂಪ್ಯೂಟರ್ ಅಂಕ ಹಾಕುತ್ತೆ. ಕೊಟ್ಟ ಮಾಹಿತಿ ಸಾಕಾ ಸಾಲದಾ ಅಂತ ಕೇಳುವ ಡೇಟಾ ಸಫಿಶಿಯನ್ಸಿ ಪ್ರಶ್ನೆಗಳು ಇದೇ ಪರೀಕ್ಷೆಗಳಲ್ಲಿ ಈಗಾಗಲೇ ಇವೆ. ಅದನ್ನು ತಂದು ಟೇಬಲ್ಲಿನ ಕೆಳಗೆ ಕೂರಿಸೋಕೆ ಹೊಸದೇನೂ ಕಂಡುಹಿಡಿಯಬೇಕಾಗಿಲ್ಲ.

'ಕೊಟ್ಟ ಮಾಹಿತಿಯಿಂದ ಹೇಳಲಾಗದು' ಅನ್ನುವ ಆಯ್ಕೆಯೂ ಕೆಲವು ಸೆಟ್‌ಗಳಲ್ಲಿ ಐದನೆಯದಾಗಿ ಇರುತ್ತೆ. ಆದರೆ ಅದೇ ಸರಿ ಉತ್ತರ ಆಗೋದು ಅಪರೂಪ ಅಂತ ಹುಡುಗರಿಗೆ ಗೊತ್ತು, ಮೊದಲು ಅದನ್ನೇ ಕಣ್ಣಿಂದ ಅಳಿಸ್ತಾರೆ.

ಲೆಕ್ಕ ಬರಬೇಡವಾ ಅಂತ ಕೇಳಬೇಡಿ. ಶೇಕಡಾ ಲೆಕ್ಕ ಬರದವರು ಬ್ಯಾಂಕಿಗೆ ಬರಬಾರದು. ಅದಕ್ಕೆ ಅದೇ ಪತ್ರಿಕೆಯಲ್ಲಿ ಸಿಂಪ್ಲಿಫಿಕೇಷನ್ ಇದೆ, ಬಡ್ಡಿ ಲೆಕ್ಕ ಇದೆ, ನಂಬರ್ ಸೀರೀಸ್ ಇದೆ. ಡಿಐ ಭಾಗಕ್ಕಾದರೂ ಪರದೆಯ ಮೇಲೊಂದು ಕ್ಯಾಲ್ಕುಲೇಟರ್ ಕೊಡಿ. ಕ್ಯಾಟ್ ಪರೀಕ್ಷೆಯಲ್ಲಿ 2015ರಿಂದ ಕೊಡ್ತಿದ್ದಾರೆ, ಅದರಿಂದ ಪರೀಕ್ಷೆಯೇನೂ ಸುಲಭ ಆಗಿಲ್ಲ. ಪ್ರಶ್ನೆ ಅರ್ಧ ಮಾಡಿ, ಸಮಯ ಅಷ್ಟೇ ಇಡಿ. ಕೆಲಸಕ್ಕೆ ಸೇರಿದ ಮೇಲೆ ಶಾಖೆಯಲ್ಲಿ ಯಾವನೂ ಮೂವತ್ತನಾಲ್ಕು ಸೆಕೆಂಡಿನಲ್ಲಿ 19/11 ಕೇಳೋದಿಲ್ಲ. ಬಡ್ಡಿ ಲೆಕ್ಕವನ್ನೂ ಸಿಸ್ಟಮ್ಮೇ ಮಾಡುತ್ತೆ.

ಕಳೆದ ಭಾನುವಾರ ಊಟ ಆದ ಮೇಲೆ, ಚಿಕ್ಕಮ್ಮನ ಮಗಳ ಮುಂದೆ ಆ ಬಟ್ಟೆ ವ್ಯಾಪಾರಿಯ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟೆ. ಹೆಸರಿಲ್ಲ, ಊರಿಲ್ಲ, ಮಾರಾಟದ ಸಾಲನ್ನೂ ಸೇರಿಸಿದ್ದೆ. ಡ್ರಾಯಿಂಗ್ ಪವರ್ ಹೇಗೆ ಲೆಕ್ಕ ಹಾಕೋದು ಅಂತ ಹೇಳಿ, "ಮೂರನೇ ತಿಂಗಳ ಬಗ್ಗೆ ಏನಂತೀಯಾ?" ಅಂದೆ. ಅವಳ ಮಾಕ್ ಟೆಸ್ಟ್ ಅಂಕ ಈಗ ಚೆನ್ನಾಗಿದೆ. ಸರ್ ಹೊಗಳ್ತಾರಂತೆ.

ಹಾಳೆ ಎಳೆದುಕೊಂಡಳು. 10, 14 ಆದಮೇಲೆ ಖಾಲಿ ಇದ್ದ ಮನೆಯಲ್ಲಿ ಪೆನ್ನಿನಿಂದ 18 ಅಂತ ತುಂಬಿಸಿದಳು. ಪಕ್ಕದಲ್ಲಿ 25.5 ಬರೆದು ಸುತ್ತ ಒಂದು ಗೆರೆ ಎಳೆದು, ಗಡಿಯಾರ ನೋಡಿದಳು.

"ಹನ್ನೆರಡು ಸೆಕೆಂಡ್. ಸರಿನಾ ಅಣ್ಣ?"